ಹನ್ನೊಂದು ಗಂಟೆಯ ಮಿಠಾಯಿ: ಕಾಸರಗೋಡಿನ ಕನ್ನಡ ಶಾಲೆಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಮುಖ್ಯೋಪಾಧ್ಯಾಯರು,
ರಕ್ಷಕ-ಶಿಕ್ಷಕ ಸಂಘ ಮತ್ತು ಮಾತೃಸಂಘಗಳ ಪದಾಧಿಕಾರಿಗಳು.

ವಿಷಯ: ಶಾಲೆಯ ವಿರಾಮದಲ್ಲಿ ತಿನ್ನುವ ಸಿಹಿ ಮತ್ತು ಮಕ್ಕಳ ಹುಳುಕು ಹಲ್ಲು.

ಮಾನ್ಯರೇ,

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಶಾಲೆಗಳಲ್ಲಿ ದಂತ ತಪಾಸಣೆ ಶಿಬಿರ ಹೇಗೆ ನಡೆಯುತ್ತದೆಂದು ತಮಗೆ ಗೊತ್ತಿದೆ. ಮಕ್ಕಳು ಸಾಲಾಗಿ ಬಂದು ಬಾಯಿ ತೆರೆಯುತ್ತಾರೆ. ಟಾರ್ಚ್ ಹಾಕಿ ನೋಡಿ, ಹುಳುಕು ಹಲ್ಲು ಎಷ್ಟೆಂದು ಬರೆದು, ದಂತವೈದ್ಯರಿಗೆ ತೋರಿಸಬೇಕೆಂಬ ಚೀಟಿಯನ್ನು ಕೈಗೆ ಕೊಡುತ್ತಾರೆ. ಎಷ್ಟೋ ಕಡೆ ಆ ಚೀಟಿ ಮಲಯಾಳದಲ್ಲಿರುತ್ತದೆ. ಮನೆಯಲ್ಲಿ ತುಳು ಮಾತಾಡಿ ಕನ್ನಡ ಓದುವ ತಾಯಿಗೆ ಅದು ಓದಲು ಬಾರದ ಕಾಗದ. ಹೊರಡುವ ಮುನ್ನ "ಸಿಹಿ ತಿನ್ನಬೇಡಿ, ದಿನಕ್ಕೆ ಎರಡು ಸಲ ಹಲ್ಲುಜ್ಜಿ" ಎಂಬ ಎರಡು ಮಾತು ಹೇಳುತ್ತಾರೆ. ಮರುವರ್ಷ ಅದೇ ಮಕ್ಕಳ ಬಾಯಿ ನೋಡಿದರೆ ಹಳೆಯ ಕುಳಿ ದೊಡ್ಡದಾಗಿರುತ್ತದೆ, ಪಕ್ಕದಲ್ಲಿ ಹೊಸದೊಂದು ಶುರುವಾಗಿರುತ್ತದೆ.

ಆ ಎರಡು ಮಾತು ಸುಳ್ಳಲ್ಲ. ಆದರೆ ಮುಖ್ಯವಾದದ್ದೊಂದು ಅದರಲ್ಲಿ ಬಿಟ್ಟುಹೋಗಿದೆ, ಮತ್ತು ನಮ್ಮ ದೂರು ಇರುವುದೂ ಅದರ ಬಗ್ಗೆಯೇ. ಮಗು ದಿನಕ್ಕೆ ಎಷ್ಟು ಸಕ್ಕರೆ ತಿಂದಿತು ಎಂಬುದರ ಜೊತೆಗೆ, ಎಷ್ಟು ಸಲ ತಿಂದಿತು, ಯಾವ ಹೊತ್ತಿಗೆ ತಿಂದಿತು ಎಂಬುದು ಹಲ್ಲಿನ ಗತಿಯನ್ನು ನಿರ್ಧರಿಸುತ್ತದೆ. ಈ ಹೊತ್ತುಗಳಲ್ಲಿ ಅರ್ಧದಷ್ಟು ಶಾಲೆಯ ಗಂಟೆಯ ಒಳಗೇ ಬರುತ್ತವೆ. ಆದ್ದರಿಂದ ದಂತವೈದ್ಯರಾದ ನಾವು ಈ ಪತ್ರವನ್ನು ಆಸ್ಪತ್ರೆಗೆ ಬರೆಯದೆ ತಮಗೇ ಬರೆಯುತ್ತಿದ್ದೇವೆ.

ಹಲ್ಲನ್ನು ಹುಳ ತಿನ್ನುವುದಿಲ್ಲ, ಆಮ್ಲ ಕರಗಿಸುತ್ತದೆ. ಹಲ್ಲಿನ ಹೊರಕವಚವಾದ ಎನಾಮಲ್ ಬಹುಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ. ಜೊಲ್ಲಿನಲ್ಲೂ ಇವೆರಡು ಕರಗಿದ ರೂಪದಲ್ಲಿ ಸದಾ ಇರುತ್ತವೆ. ಬಾಯಿಯ ಹುಳಿಯ ಅಳತೆಯಾದ ಪಿಎಚ್ ಏಳರ ಹತ್ತಿರ ಇರುವಷ್ಟು ಹೊತ್ತು ಹಲ್ಲಿನ ಖನಿಜ ಕರಗುವ ಪ್ರಶ್ನೆಯೇ ಇಲ್ಲ. ಜೊಲ್ಲಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಖನಿಜವಿರುತ್ತದೆ. ಪಿಎಚ್ ಇಳಿದಂತೆ ಆಮ್ಲದ ಹೈಡ್ರೋಜನ್ ಅಯಾನುಗಳು ದ್ರವದಲ್ಲಿರುವ ಫಾಸ್ಫೇಟನ್ನು ಹಿಡಿದುಕೊಳ್ಳುತ್ತವೆ, ಆ ಕೊರತೆಯನ್ನು ತುಂಬಲು ಹಲ್ಲಿನಿಂದ ಖನಿಜ ಹೊರಬೀಳುತ್ತದೆ. ಈ ತಿರುವು ಎನಾಮಲ್‌ಗೆ ಸುಮಾರು 5.5ರಲ್ಲಿ ಬರುತ್ತದೆ. ಪಿಎಚ್ ಲೆಕ್ಕದಲ್ಲಿ ಒಂದಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ಏಳರಿಂದ ಐದಕ್ಕೆ ಇಳಿದರೆ ನೂರು ಪಟ್ಟು.

ಆಮ್ಲ ಮಾಡುವವು ಹಲ್ಲಿನ ಮೇಲೆ ಕೂರುವ ಬಿಳಿ ಲೋಳೆ ಪದರದೊಳಗಿನ ಬ್ಯಾಕ್ಟೀರಿಯಗಳು. ನಾವು ಇದನ್ನು ಪ್ಲೇಕ್ ಎನ್ನುತ್ತೇವೆ. ಬೆಳಿಗ್ಗೆ ಉಗುರಿನಿಂದ ಹಲ್ಲಿನ ಬುಡ ಕೆರೆದರೆ ಬರುವುದು ಇದೇ. ಅದರಲ್ಲಿ ನೂರಾರು ಜಾತಿಗಳಿವೆ. ಹುಳುಕಿನ ವಿಷಯದಲ್ಲಿ ಹೆಚ್ಚು ಹೆಸರಾದದ್ದು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್. 1924ರಲ್ಲಿ ಕ್ಲಾರ್ಕ್ ಎಂಬ ಬ್ರಿಟಿಷ್ ವಿಜ್ಞಾನಿ ಹುಳುಕು ಹಲ್ಲಿನಿಂದಲೇ ಇದನ್ನು ಬೇರ್ಪಡಿಸಿ ಹೆಸರಿಟ್ಟರು. ಸಕ್ಕರೆ ಸಿಕ್ಕಿದ ಕೂಡಲೇ ಇದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಇದಕ್ಕೆ ಇನ್ನೂ ಎರಡು ಶಕ್ತಿಗಳಿವೆ. ನಾವು ಚಾಕ್ಕೆ ಹಾಕುವ ಸಕ್ಕರೆಯಿಂದ, ಅಂದರೆ ಸುಕ್ರೋಸ್‌ನಿಂದ, ಇದು ಗ್ಲೂಕಾನ್ ಎಂಬ ಅಂಟನ್ನು ತಯಾರಿಸಿ ಹಲ್ಲಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಳಿದ ಬ್ಯಾಕ್ಟೀರಿಯಗಳು ಸುಸ್ತಾಗುವಷ್ಟು ಆಮ್ಲವಿದ್ದರೂ, ತನ್ನೊಳಗಿನ ಆಮ್ಲವನ್ನು ಹೊರಗೆ ದೂಡಿ ಕೆಲಸ ಮುಂದುವರಿಸುತ್ತದೆ.

ಸಿಹಿ ತಿಂದ ಮೇಲೆ ಪ್ಲೇಕ್‌ನೊಳಗೆ ಏನಾಗುತ್ತದೆಂದು 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದರು. ಸಕ್ಕರೆ ನೀರಿನಿಂದ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಪಿಎಚ್ ಥಟ್ಟನೆ ಐದರ ಹತ್ತಿರಕ್ಕೆ ಬೀಳುತ್ತದೆ. ಅಲ್ಲಿಂದ ಮೇಲೇರುವುದು ಮಾತ್ರ ಬಹಳ ನಿಧಾನ. ಮೊದಲಿದ್ದಲ್ಲಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಮೇಲೆತ್ತುವ ಕೆಲಸ ಜೊಲ್ಲಿನದ್ದು. ಜೊಲ್ಲು ಸಕ್ಕರೆಯನ್ನು ತೊಳೆಯುತ್ತದೆ, ಅದರಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ತಣಿಸುತ್ತದೆ, ಪಿಎಚ್ 5.5 ದಾಟಿದ ಮೇಲೆ ಕ್ಯಾಲ್ಸಿಯಂ-ಫಾಸ್ಫೇಟ್ ಹಲ್ಲಿಗೆ ಮರಳತೊಡಗುತ್ತದೆ. ಕರಗುವುದಕ್ಕೆ ನಿಮಿಷಗಳು ಸಾಕು, ತುಂಬಿಕೊಳ್ಳುವುದಕ್ಕೆ ಗಂಟೆಗಳು ಬೇಕು. ಈ ಗಂಟೆಗಳನ್ನು ಬಾಯಿಗೆ ಬಿಟ್ಟುಕೊಡುತ್ತೇವೋ ಇಲ್ಲವೋ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಎರಡನೇ ತರಗತಿಯ ಒಂದು ಮಗುವಿನ ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇದು ಯಾವುದೋ ಒಂದು ಮಗುವಿನದ್ದಲ್ಲ, ನಮ್ಮ ಕಡೆಯ ಮಕ್ಕಳ ದಿನಗಳನ್ನು ನೋಡಿ ನಾವು ಕಟ್ಟಿದ ಉದಾಹರಣೆ. ಬೆಳಿಗ್ಗೆ 7.15ಕ್ಕೆ ಸಕ್ಕರೆ ಚಾ, ಬಿಸ್ಕತ್ತು. 9.30ಕ್ಕೆ ಬಸ್ಸಿಳಿದು ಗೂಡಂಗಡಿಯಲ್ಲಿ ಒಂದು ಟಾಫಿ. 11.15ರ ವಿರಾಮದಲ್ಲಿ ಸಿಪ್‌ಅಪ್. ಮಧ್ಯಾಹ್ನದ ಊಟವಾಗಿ 1.15ಕ್ಕೆ ಲಾಲಿಪಾಪ್. 3 ಗಂಟೆಗೆ ತರಗತಿಯಲ್ಲಿ ಯಾರದ್ದೋ ಹುಟ್ಟುಹಬ್ಬದ ಮಿಠಾಯಿ. 4.30ಕ್ಕೆ ಮನೆಯಲ್ಲಿ ಚಾ. 6.30ಕ್ಕೆ ಓದುತ್ತ ಕೂತಾಗ ಎರಡು ಬಿಸ್ಕತ್ತು. ರಾತ್ರಿ 9ಕ್ಕೆ ಸಕ್ಕರೆ ಹಾಕಿದ ಹಾಲು, ಕೂಡಲೇ ನಿದ್ದೆ. ಯಾವುದೂ ಅತಿಯಾದ ತಿನಿಸಲ್ಲ. ಯಾವ ತಾಯಿಯೂ ಇದನ್ನು ನೋಡಿ ಮಗು ಸಿಕ್ಕಾಪಟ್ಟೆ ಸಿಹಿ ತಿನ್ನುತ್ತದೆ ಎನ್ನಲಾರಳು.

ಆದರೆ ಸಕ್ಕರೆ ಬಾಯಿಗೆ ಬಂದದ್ದು ಎಂಟು ಸಲ. ಒಂದು ಸಲಕ್ಕೆ ಪಿಎಚ್ 5.5ರ ಕೆಳಗೆ 30 ನಿಮಿಷ ಎಂದು ಹಿಡಿದರೂ ನಾಲ್ಕು ಗಂಟೆ ಹಲ್ಲು ಕರಗುವ ಸ್ಥಿತಿಯಲ್ಲಿರುತ್ತದೆ. ಲಾಲಿಪಾಪ್ ಚೀಪುವುದು 15-20 ನಿಮಿಷದ ಕೆಲಸ. ಚೀಪುವಷ್ಟು ಹೊತ್ತೂ ಹೊಸ ಸಕ್ಕರೆ ಬರುತ್ತಲೇ ಇರುವುದರಿಂದ ಜೊಲ್ಲಿಗೆ ಪಿಎಚ್ ಮೇಲೆತ್ತಲು ಆಗುವುದಿಲ್ಲ. ಅದರ ಅರ್ಧ ಗಂಟೆಗೆ ಈ ಇಪ್ಪತ್ತು ನಿಮಿಷ ಬೇರೆ ಸೇರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ರಾತ್ರಿಯ ಹಾಲಿನ ಸಕ್ಕರೆ. ನಿದ್ದೆಯಲ್ಲಿ ಜೊಲ್ಲು ಬಹುಮಟ್ಟಿಗೆ ನಿಂತುಬಿಡುತ್ತದೆ, ಇಳಿದ ಪಿಎಚ್ ಬಹಳ ಹೊತ್ತು ಇಳಿದೇ ಇರುತ್ತದೆ.

ಈಗ ಇದೇ ತಿನಿಸುಗಳನ್ನು, ಒಂದನ್ನೂ ಕಡಿಮೆ ಮಾಡದೆ, ಬೇರೆ ಹೊತ್ತಿಗೆ ಸರಿಸಿ ನೋಡಿ. ಟಾಫಿ, ಸಿಪ್‌ಅಪ್, ಮಿಠಾಯಿ, ಲಾಲಿಪಾಪ್ ಎಲ್ಲವೂ ಊಟದ ಬೆನ್ನಿಗೆ ಒಂದೇ ಸಲ. ಸಂಜೆಯ ಬಿಸ್ಕತ್ತು 4.30ರ ಚಾದ ಜೊತೆಗೇ. ರಾತ್ರಿಯ ಹಾಲು ಸಕ್ಕರೆ ಇಲ್ಲದೆ, ಅದರ ಸಕ್ಕರೆ ಬೆಳಗಿನ ಚಾಕ್ಕೆ. ಎಂಟು ಸಲ ಇದ್ದದ್ದು ಮೂರಾಯಿತು. ಊಟದ ಹೊತ್ತಿನದ್ದು ಸ್ವಲ್ಪ ಉದ್ದವಾದೀತು, ಆದರೂ ಒಟ್ಟು ಎರಡು ಗಂಟೆ ದಾಟುವುದು ಕಷ್ಟ. ಚೆನ್ನಾಗಿ ಅಗಿದು ಉಂಡಾಗ ಜೊಲ್ಲು ಹೇಗೂ ಹೇರಳವಾಗಿ ಹರಿಯುತ್ತಿರುತ್ತದೆ. ಮಿಕ್ಕ ಹೊತ್ತೆಲ್ಲ ರಿಪೇರಿಗೆ. ಈ ನಿಮಿಷಗಳು ಮಗುವಿನಿಂದ ಮಗುವಿಗೆ, ಪ್ಲೇಕ್ ಎಷ್ಟು ದಪ್ಪವಿದೆ ಎಂಬುದರ ಮೇಲೆ ಬದಲಾಗುತ್ತವೆ. ಎರಡು ದಿನಗಳ ನಡುವಿನ ಅಂತರ ಮಾತ್ರ ಎಲ್ಲ ಬಾಯಿಯಲ್ಲೂ ಅದೇ ದಿಕ್ಕಿನದ್ದು.

ಇದಕ್ಕೆ ಹಳೆಯ ಪುರಾವೆಯೊಂದಿದೆ. 1945ರಿಂದ ಕೆಲವು ವರ್ಷ ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, ಬುದ್ಧಿಮಾಂದ್ಯರೆಂದು ಅಲ್ಲಿಟ್ಟಿದ್ದ ಜನರ ಮೇಲೆ, ಅವರ ಒಪ್ಪಿಗೆಯಿಲ್ಲದೆ, ಸಿಹಿ ತಿನ್ನಿಸಿ ಹುಳುಕು ಎಷ್ಟು ಏರುತ್ತದೆಂದು ನೋಡುವ ಪ್ರಯೋಗ ನಡೆಯಿತು. ಅದು ಅನ್ಯಾಯ, ಇಂದು ಯಾರೂ ಹಾಗೆ ಮಾಡಲು ಬಿಡಲಾರರು. ಅಲ್ಲಿ ಕಂಡದ್ದಿಷ್ಟು: ಊಟದ ಜೊತೆಗೇ ಹೆಚ್ಚು ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಏರಲಿಲ್ಲ, ಊಟಗಳ ನಡುವೆ ಹಲ್ಲಿಗಂಟುವ ಟಾಫಿ ತಿಂದವರಲ್ಲಿ ವಿಪರೀತ ಏರಿತು, ಟಾಫಿ ನಿಲ್ಲಿಸಿದ ಮೇಲೆ ಹೊಸ ಹುಳುಕು ಕಡಿಮೆಯಾಯಿತು. ಹಾಗೆಂದು ಊಟಕ್ಕೆ ಎಷ್ಟು ಸಕ್ಕರೆಯಾದರೂ ಸುರಿಯಬಹುದೆಂದು ನಾವು ಹೇಳುತ್ತಿಲ್ಲ. ದಿನದ ಆಹಾರದ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯಂಥವುಗಳ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹಲ್ಲಿಗೂ ಅನ್ವಯಿಸುತ್ತದೆ. ಪ್ರಮಾಣ ಇಳಿಸಲು ಮನೆಯವರು ಬೇಕು. ಎಷ್ಟು ಸಲ ಎನ್ನುವುದನ್ನು ಶಾಲೆಯೊಂದು ನಾಳೆಯಿಂದಲೇ ಇಳಿಸಬಹುದು.

ಪದೇ ಪದೇ ಸಿಹಿ ತಿನ್ನುವುದರಿಂದ ಇನ್ನೊಂದು ಕೇಡಿದೆ, ಇದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಗದ್ದೆಯಲ್ಲಿ ಉಪ್ಪುನೀರು ಆಗಾಗ ನುಗ್ಗಿದರೆ ಉಪ್ಪು ತಾಳುವ ಹುಲ್ಲೇ ಉಳಿಯುವಂತೆ, ಪ್ಲೇಕ್ ಪದೇ ಪದೇ ಹುಳಿಯಾದರೆ ಆಮ್ಲ ತಾಳುವ ಮ್ಯೂಟನ್ಸ್, ಲ್ಯಾಕ್ಟೋಬ್ಯಾಸಿಲಸ್‌ಗಳೇ ಮೇಲುಗೈ ಪಡೆಯುತ್ತವೆ. ನಿರುಪದ್ರವಿ ಸ್ಟ್ರೆಪ್ಟೋಕಾಕಸ್ ಜಾತಿಗಳು ಹಿಂದೆ ಬೀಳುತ್ತವೆ. ಆಮೇಲೆ ಅಷ್ಟೇ ಟಾಫಿಗೆ ಪಿಎಚ್ ಮೊದಲಿಗಿಂತ ಆಳಕ್ಕೆ ಇಳಿಯುತ್ತದೆ, ಮೇಲೆ ಬರಲು ಇನ್ನೂ ತಡವಾಗುತ್ತದೆ. ಒಂದೇ ಮಿಠಾಯಿ ತಿಂದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಏನೂ ಆಗದೆ ಇನ್ನೊಬ್ಬನ ಹಲ್ಲು ಹುಳುಕಾಗುವುದಕ್ಕೆ ಇದೂ ಒಂದು ಕಾರಣ. "ಅವನೂ ತಿನ್ನುತ್ತಾನಲ್ಲ, ನಮ್ಮ ಮಗುವಿಗೆ ಮಾತ್ರ ಯಾಕೆ?" ಎಂದು ಕೇಳುವ ತಾಯಂದಿರಿಗೆ "ನಿಮ್ಮ ಮಗುವಿನ ಹಲ್ಲೇ ಬಲ ಇಲ್ಲ" ಎಂದು ಹೇಳಿ ಕಳಿಸುವುದು ಸರಿಯಲ್ಲ.

ತಮ್ಮ ಒಂದನೇ, ಎರಡನೇ ತರಗತಿಯ ಮಕ್ಕಳ ಬಗ್ಗೆ ನಮಗೆ ವಿಶೇಷ ಆತಂಕವಿದೆ. ಆರನೇ ವಯಸ್ಸಿನ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದವಡೆ ಹಲ್ಲು ಹುಟ್ಟುತ್ತದೆ. ಮೇಲೆ ಎರಡು, ಕೆಳಗೆ ಎರಡು. ಇವು ಸಾಯುವವರೆಗೆ ಇರಬೇಕಾದ ಶಾಶ್ವತ ಹಲ್ಲುಗಳು. ಏನೂ ಬೀಳದೆ ಹುಟ್ಟಿದ್ದರಿಂದ ಮನೆಯವರು ಇವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ, "ಬಿದ್ದು ಬೇರೆ ಬರುತ್ತದೆ" ಎಂದು ಬಿಟ್ಟುಬಿಡುತ್ತಾರೆ. ಹೊಸದಾಗಿ ಬಂದ ಎನಾಮಲ್ ಇನ್ನೂ ಪಕ್ವವಾಗಿರುವುದಿಲ್ಲ, ಮೊದಲ ಒಂದೆರಡು ವರ್ಷ ಆಮ್ಲಕ್ಕೆ ಬೇಗ ಸೋಲುತ್ತದೆ. ಮೇಲ್ಮೈಯ ಗೀರುಗಳು ಎಷ್ಟು ಕಿರಿದೆಂದರೆ ಬ್ರಷ್ಷಿನ ಎಳೆ ಒಳಗೆ ಹೋಗುವುದಿಲ್ಲ. ಹಲ್ಲು ಪೂರ್ತಿ ಮೇಲೆ ಬರುವವರೆಗೆ ಅಕ್ಕಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದನ್ನು ಮುಟ್ಟದೆ ದಾಟಿಹೋಗುತ್ತದೆ. ಮಗು ಗೂಡಂಗಡಿಗೆ ತಾನೇ ಹೋಗಲು ಕಲಿಯುವುದೂ ಇದೇ ವಯಸ್ಸಿನಲ್ಲಿ.

ಹುಳುಕು ಕಪ್ಪು ಕುಳಿಯಾಗಿ ಶುರುವಾಗುವುದಿಲ್ಲ. ಮೊದಲು ಕಾಣುವುದು ಬಿಳಿ. ಒಸಡಿನ ಅಂಚಿಗೆ ಹೊಂದಿಕೊಂಡು, ಸುಣ್ಣ ಬಳಿದಂತೆ ಹೊಳಪಿಲ್ಲದ ಬಿಳಿ ಗೆರೆ. ಹಲ್ಲು ಒದ್ದೆ ಇದ್ದಾಗ ಇದು ಕಾಣದೇ ಹೋಗಬಹುದು. ಪ್ಲೇಕ್ ಒರೆಸಿ, ಹತ್ತಿಯಿಂದ ಹಲ್ಲನ್ನು ಒಣಗಿಸಿ ಕೆಲವು ಸೆಕೆಂಡ್ ಬಿಟ್ಟು ನೋಡಿದರೆ ಎದ್ದು ಕಾಣುತ್ತದೆ. ಮೇಲ್ಪದರ ಇನ್ನೂ ಗಟ್ಟಿಯಿದ್ದು ಅದರಡಿಯಿಂದ ಖನಿಜ ಹೋಗಿರುವ ಹಂತ ಇದು. ಇಲ್ಲಿಂದ ಹಲ್ಲನ್ನು ಹಿಂದಕ್ಕೆ ತರಬಹುದು, ಕೊರೆಯುವ ಅಗತ್ಯವಿಲ್ಲ. ಮೇಲ್ಪದರ ಕುಸಿದು ಕುಳಿ ಬಿದ್ದ ಮೇಲೆ ಕಳೆದುಹೋದ ಭಾಗ ಬೆಳೆಯುವುದಿಲ್ಲ. ಶಿಬಿರದ ಟಾರ್ಚಿಗೆ ಸಾಮಾನ್ಯವಾಗಿ ಕಾಣುವುದು ಕುಳಿ ಮಾತ್ರ. ಉಳಿಸಬಹುದಾಗಿದ್ದ ಹಲ್ಲುಗಳು ಆ ಪಟ್ಟಿಗೆ ಸೇರುವುದೇ ಇಲ್ಲ ಎಂಬುದು ನಮ್ಮ ವೃತ್ತಿಬಾಂಧವರಿಗೂ ಸಲ್ಲುವ ದೂರು. ಎಳವೆಯಲ್ಲಿ ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್‌ನ ಬಿಳಿಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅದು ಎಡ-ಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತೆರನಾಗಿ ಹಬ್ಬಿರುತ್ತದೆ. ಹುಳುಕಿನ ಬಿಳಿ ಪ್ಲೇಕ್ ಕೂರುವ ಜಾಗಕ್ಕೇ ಅಂಟಿಕೊಂಡಿರುತ್ತದೆ.

ಮಾತೃಸಂಘದ ಸಭೆಗಳಲ್ಲಿ ಏಳುವ ಕೆಲವು ಪ್ರಶ್ನೆಗಳಿಗೂ ಇಲ್ಲೇ ಉತ್ತರಿಸುತ್ತೇವೆ. ಬೆಲ್ಲ ಒಳ್ಳೆಯದಲ್ಲವೇ ಎಂದರೆ, ಬೆಲ್ಲದಲ್ಲಿ ಬಹುಪಾಲು ಇರುವುದು ಅದೇ ಸುಕ್ರೋಸ್. ನೆಲಗಡಲೆ ಮಿಠಾಯಿಯ ಬೆಲ್ಲ ಹಲ್ಲಿನ ಗೀರಿನಲ್ಲಿ ಟಾಫಿಯಂತೆಯೇ ಕೂರುತ್ತದೆ. ಜೇನೂ ಹಾಗೆಯೇ. ಸಿಹಿಯಿಲ್ಲದ ಬಿಸ್ಕತ್ತಾದರೂ ಅದರ ಬೇಯಿಸಿದ ಹಿಟ್ಟು ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ನಿಧಾನವಾಗಿ ಸಕ್ಕರೆಯಾಗುತ್ತದೆ. ಹುಳಿಯೆಲ್ಲ ಕೆಟ್ಟದ್ದೇ ಎಂದರೆ, ಅಲ್ಲ. ಮೊಸರಿನ ಪಿಎಚ್ 4.5ರ ಆಸುಪಾಸಿನಲ್ಲಿದ್ದರೂ ಅದರಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ಹಲ್ಲಿನ ಖನಿಜ ಕರಗುವುದಿಲ್ಲ. ಲಿಂಬೆ ಶರಬತ್ತಿನಲ್ಲಿ ಆ ರಕ್ಷಣೆ ಇಲ್ಲ, ಸಕ್ಕರೆ ಬೇರೆ ಇದೆ. ಅದನ್ನು ಗುಟುಕು ಗುಟುಕಾಗಿ ಅರ್ಧ ಗಂಟೆ ಕುಡಿಯುವುದಕ್ಕಿಂತ ಊಟದ ಜೊತೆ ಒಮ್ಮೆಲೇ ಕುಡಿದು ಮುಗಿಸುವುದು ಮೇಲು. ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಲದೇ ಎಂದರೆ, ಬಾಯಲ್ಲಿ ಉಳಿದ ಸಕ್ಕರೆ ಹೋಗುತ್ತದೆ, ಪ್ಲೇಕ್‌ನ ಒಳಗೆ ಇಳಿದದ್ದು ಹೋಗುವುದಿಲ್ಲ. ಸಹಾಯವಾಗುತ್ತದೆ, ಪೂರ್ತಿ ಪರಿಹಾರವಲ್ಲ.

ಇಷ್ಟು ಹೇಳಿ ತಮ್ಮಲ್ಲಿ ನಮ್ಮ ವಿನಂತಿಗಳನ್ನು ಇಡುತ್ತೇವೆ.

ಮೊದಲನೆಯದು, ಹುಟ್ಟುಹಬ್ಬದ ಮಿಠಾಯಿ. ಮೂವತ್ತು ಮಕ್ಕಳ ತರಗತಿಯಲ್ಲಿ ಶಾಲಾ ದಿನಗಳಷ್ಟನ್ನೇ ಲೆಕ್ಕ ಹಾಕಿದರೂ ಹೆಚ್ಚುಕಡಿಮೆ ಎರಡು-ಮೂರು ವಾರಕ್ಕೊಂದು ಹುಟ್ಟುಹಬ್ಬ ಬರುತ್ತದೆ. ಇದನ್ನು ನಿಷೇಧಿಸಿ ಮಕ್ಕಳ ಸಂತೋಷ ಕಿತ್ತುಕೊಳ್ಳಿ ಎಂದು ನಾವು ಕೇಳುತ್ತಿಲ್ಲ. ಬೆಳಿಗ್ಗೆ ತಂದ ಪೊಟ್ಟಣ ಅಧ್ಯಾಪಕರ ಮೇಜಿನ ಮೇಲಿರಲಿ, ಮಧ್ಯಾಹ್ನದ ಊಟ ಮುಗಿದ ಕೂಡಲೇ, ಕೈ ತೊಳೆಯಲು ಹೋಗುವ ಮುನ್ನ ಹಂಚಲಿ. ತಿಂದು, ನಳ್ಳಿಯ ಬಳಿ ಕೈ ತೊಳೆಯುವಾಗಲೇ ಬಾಯನ್ನೂ ಎರಡು ಸಲ ಜೋರಾಗಿ ಮುಕ್ಕಳಿಸಲಿ. ಅಗಿದು ನುಂಗುವಂಥದ್ದನ್ನು ತರಲು ಹೇಳಿ, ಲಾಲಿಪಾಪ್ ಬೇಡ.

ಎರಡನೆಯದು, ಎರಡೂ ಚಿಕ್ಕ ವಿರಾಮಗಳು ಸಕ್ಕರೆಯಿಲ್ಲದವಾಗಲಿ. ಗೇಟಿನ ಎದುರಿನ ಗೂಡಂಗಡಿಯವರು ಊರಿನವರೇ. ಜಗಳಕ್ಕೆ ಹೋಗದೆ, ರಕ್ಷಕ-ಶಿಕ್ಷಕ ಸಂಘದವರು ಕೂತು ಮಾತಾಡಿದರೆ ಬೇಯಿಸಿದ ಅಥವಾ ಹುರಿದ ನೆಲಗಡಲೆ, ಉಪ್ಪು ಹಾಕಿದ ಮಜ್ಜಿಗೆ ಮುಂದೆ ಬಂದು, ಟಾಫಿಯ ಡಬ್ಬಿ ಊಟದ ಗಂಟೆಯವರೆಗೆ ಹಿಂದೆ ಹೋಗಬಹುದು. ಅವರ ವ್ಯಾಪಾರ ನಿಲ್ಲಬೇಕಾಗಿಲ್ಲ, ಹೊತ್ತು ಬದಲಾದರೆ ಸಾಕು. ಶಾಲೆಯಲ್ಲಿ ಕೊಡುವ ಹಾಲಿಗೆ ಸಕ್ಕರೆ ಹಾಕುತ್ತಿದ್ದರೆ ಅದನ್ನೂ ಬಿಡಬಹುದು; ಬರೀ ಹಾಲಿನ ಲ್ಯಾಕ್ಟೋಸ್‌ನಿಂದ ಪಿಎಚ್ ಅಷ್ಟು ಇಳಿಯುವುದಿಲ್ಲ.

ಮೂರನೆಯದು, ಮನೆಗೆ ಹೋಗುವ ಚೀಟಿ ಕನ್ನಡದಲ್ಲಿರಲಿ, ಅದರಲ್ಲಿ ಹಲ್ಲಿನ ಸಂಖ್ಯೆಯ ಜೊತೆಗೆ ಮಾಡಬೇಕಾದದ್ದೂ ಇರಲಿ. ರಾತ್ರಿ ಹಲ್ಲುಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು, ಮೂರರೊಳಗಿನವರಿಗೆ ಅಕ್ಕಿ ಕಾಳಿನಷ್ಟು. ಉಜ್ಜಿ ಉಗಿಯಬೇಕು, ಆಮೇಲೆ ನೀರು ಹಾಕಿ ಪೂರ್ತಿ ತೊಳೆದುಬಿಡಬಾರದು. ಫ್ಲೋರೈಡ್ ಸೇರಿದ ಎನಾಮಲ್ ಖನಿಜ ಕರಗಲು ಪಿಎಚ್ 4.5ರ ಹತ್ತಿರಕ್ಕೆ ಇಳಿಯಬೇಕಾಗುತ್ತದೆ, ಹಾಗಾಗಿ ಅದು ಬಾಯಲ್ಲಿ ಉಳಿದಷ್ಟೂ ಲಾಭ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು, ಹಿಂದಿನ ಹೊಸ ದವಡೆ ಹಲ್ಲಿಗೆ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡ ಹಿಡಿದು. ಈ ಚೀಟಿಯ ಕನ್ನಡ ಪಠ್ಯವನ್ನು ಬರೆದುಕೊಡಲು ನಾವು ಸಿದ್ಧ. ಅಚ್ಚು ಹಾಕಿಸುವ ಖರ್ಚನ್ನಷ್ಟೇ ಸಂಘ ನೋಡಿಕೊಳ್ಳಲಿ.

ಕೊನೆಯದು, ಮುಂದಿನ ಶಿಬಿರಕ್ಕೆ ಬರುವವರನ್ನು ತಾವು ಒಂದು ಮಾತು ಕೇಳಬೇಕು: ಕುಳಿಗಳ ಜೊತೆ ಬಿಳಿ ಗೆರೆಗಳನ್ನೂ ಹಲ್ಲು ಒಣಗಿಸಿ ನೋಡಿ ಬರೆಯುವಿರಾ? ಬರೆದರೆ ಆ ಪುಸ್ತಕ ಶಾಲೆಯಲ್ಲೇ ಇರಲಿ. ಜೂನ್‌ನಲ್ಲಿ ಒಂದು ಸಲ, ಡಿಸೆಂಬರ್‌ನಲ್ಲಿ ಒಂದು ಸಲ ಅದೇ ಮಕ್ಕಳ ಅದೇ ಹಲ್ಲುಗಳನ್ನು ನೋಡಿದರೆ ಈ ಬದಲಾವಣೆ ಫಲ ಕೊಟ್ಟಿತೋ ಇಲ್ಲವೋ ತಿಳಿಯುತ್ತದೆ. ಸುಣ್ಣದಂತೆ ಮಂಕಾಗಿ ಒರಟಾಗಿದ್ದ ಗೆರೆ ನಯವಾಗಿ ಹೊಳೆಯತೊಡಗಿದ್ದರೆ, ಅಥವಾ ಕಂದು ಬಣ್ಣಕ್ಕೆ ತಿರುಗಿದರೂ ಗಟ್ಟಿಯಾಗಿದ್ದರೆ, ಹುಳುಕು ಅಲ್ಲಿಗೆ ನಿಂತಿದೆ. ಇನ್ನೂ ಮಂಕಾಗಿಯೇ ಇದ್ದರೆ, ಆ ಮಗುವಿನ ಮನೆಯವರನ್ನು ಕರೆದು ಬೆಳಗಿನಿಂದ ರಾತ್ರಿಯವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೊತ್ತಿನ ಸಮೇತ ಮೂರು ದಿನ ಬರೆದು ತರಲು ಹೇಳಿ. ತಪ್ಪಿಹೋದ ಹೊತ್ತು ಬಹುಶಃ ಆ ಹಾಳೆಯಲ್ಲೇ ಕಾಣಸಿಗುತ್ತದೆ.

ತಮ್ಮ ವಿಶ್ವಾಸಿಗಳು,
ಗಡಿನಾಡಿನ ಕೆಲವು ಕನ್ನಡಿಗ ದಂತವೈದ್ಯರು
ಕಾಸರಗೋಡು